"ಬೈಔಟ್ ಕಂಪನಿ ನೋಡ್ಕೊಳ್ಳುತ್ತೆ" ಅಂದ್ರೆ ರಾಜೀನಾಮೆ ಬರೀಬೇಡ್ರಿ, ಮೊದಲು ಇದನ್ನ ಓದ್ರಿ

ಬೆಳಗಾವಿ ಉದ್ಯಮಬಾಗ್‌ನಲ್ಲಿ ಮಶೀನ್ ಶಾಪ್, ಕ್ವಾಲಿಟಿ ಕಡೆ ಕೆಲಸ ಮಾಡೋರು ದಯವಿಟ್ಟು ಪೂರ್ತಿ ಓದ್ರಿ. ಬೆಂಗಳೂರಿನ ಒಂದು ಕನ್ಸಲ್ಟನ್ಸಿಯಿಂದ "ಇಮಿಡಿಯೆಟ್ ಜಾಯಿನರ್ ಬೇಕು, ನೋಟಿಸ್ ಬೈಔಟ್ ಕಂಪನಿ ಕೊಡುತ್ತೆ" ಅಂತ ವಾಟ್ಸಾಪ್ ಬರ್ತಿದೆ. ಬೈಔಟ್ ಅಂದ್ರೆ ನೋಟಿಸ್ ಪೂರ್ತಿ ಮುಗಿಸದೇ ಬಿಟ್ಟಿದ್ದಕ್ಕೆ ಹಳೇ ಕಂಪನಿಗೆ ಕಟ್ಟೋ ರೊಕ್ಕ. ನನಗೆ ಬಂದ ಅದೇ ಮೆಸೇಜ್ ಈ ವಾರ ನಮ್ಮ ಹಳೇ ಶಾಪಿನ ಇನ್ನೊಬ್ಬ ಹುಡುಗನಿಗೂ ಬಂದಿದೆ. ಆ ಮೆಸೇಜಿನಿಂದ ನನಗೆ 69,000 ರೂಪಾಯಿ ಹೊಡೆತ ಬಿದ್ದಿದೆ. ಸಿಟ್ಟು ಇನ್ನೂ ಇಳಿದಿಲ್ಲ, ಬರಹ ಹಿಂದೆ ಮುಂದೆ ಆದ್ರೆ ಹೊಂದಿಸಿಕೊಂಡು ಓದ್ರಿ.

ಲೆಕ್ಕ ಮೊದಲೇ ಹೇಳ್ತೀನಿ. ಹಳೇ ಕಂಪನಿಯಲ್ಲಿ ನನ್ನ ಗ್ರಾಸ್ 46,000, ಅದರಲ್ಲಿ ಬೇಸಿಕ್ 23,000. ನೋಟಿಸ್ 60 ದಿನ. ಹೊಸ ಕಡೆ 58,000 ಕೊಡ್ತೀವಿ, ಆದ್ರೆ 15 ದಿನದಾಗ ಬರಬೇಕು ಅಂದ್ರು. ಅಂದ್ರೆ 45 ದಿನ ಕಡಿಮೆ ಬೀಳುತ್ತೆ, ಅಷ್ಟು ದಿನದ ರೊಕ್ಕ ನಾನು ಹಳೇ ಕಂಪನಿಗೆ ಕಟ್ಟಬೇಕು. ಬೇಸಿಕ್ ಮೇಲೆ ಲೆಕ್ಕ ಹಾಕಿದ್ರೆ 34,500. ಗ್ರಾಸ್ ಮೇಲೆ ಹಾಕಿದ್ರೆ 69,000. ಎರಡರಲ್ಲಿ ಯಾವುದು ಅನ್ನೋದು ನಮ್ಮ ನಮ್ಮ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಇರುತ್ತೆ. ನನ್ನದರಲ್ಲಿ ಗ್ರಾಸ್ ಅಂತಲೇ ಇತ್ತು. ಇನ್ನೊಂದು ಮಾತು ಅಲ್ಲೇ ಇತ್ತು: ರೊಕ್ಕ ತಗೊಂಡು ಬೇಗ ಬಿಡೋದು ಬಿಡದೇ ಇರೋದು ಕಂಪನಿ ಇಷ್ಟ. ನಾವು ಕಟ್ತೀವಿ ಅಂದ ಕೂಡಲೇ ಅವರು ಬಿಡಬೇಕು ಅಂತ ಏನೂ ಇಲ್ಲ.

ಇದನ್ನೆಲ್ಲ ನಾನು ರಾಜೀನಾಮೆಗೆ ಮೊದಲೇ ಕನ್ಸಲ್ಟನ್ಸಿಯವನಿಗೆ ತಿಳಿಸಿದ್ದೆ. ಆ ಪ್ಯಾರಾದ ಫೋಟೋ ತೆಗೆದು ಕಳಿಸಿದೆ. "ನೋಡ್ರಿ, ಬೇಸಿಕ್ ಅಲ್ಲ, ಗ್ರಾಸ್ ಐತಿ. 69,000 ಆಗತೈತಿ. ಪೂರ್ತಿ ಕೊಡ್ತೀರೇನು?" ಅಂತ ಕೇಳಿದೆ. ಬಂದ ಉತ್ತರ: "ನೋಟೆಡ್ ಸರ್. ಕಂಪನಿ ನೋಡ್ಕೊಳ್ಳುತ್ತೆ. ನೀವು ಟೆನ್ಶನ್ ತಗೋಬೇಡಿ."

ಆಫರ್ ಲೆಟರ್ ಬಂತು. ಸಂಬಳ ಇದೆ, ಜಾಯಿನಿಂಗ್ ತಾರೀಖು ಇದೆ, ಆ ತಾರೀಖಿಗೆ ಬರದಿದ್ರೆ ಆಫರ್ ರದ್ದು ಅನ್ನೋದೂ ಇದೆ. ಬೈಔಟ್ ಬಗ್ಗೆ ಒಂದು ಸಾಲೂ ಇಲ್ಲ. ಕೂಡಲೇ ಮೇಲ್ ಹಾಕಿದೆ. ಮೇಲ್‌ಗೆ ಮೇಲ್‌ನಲ್ಲಿ ಉತ್ತರ ಬರಲೇ ಇಲ್ಲ, ಕನ್ಸಲ್ಟನ್ಸಿಯವನ ಫೋನ್ ಬಂತು. "ಅದು ಆಫರ್ ಲೆಟರ್‌ನಲ್ಲಿ ಬರಲ್ಲ ಸರ್, ಪಾಲಿಸಿಲಿ ಇದೆ. ಜಾಯಿನ್ ಆದ ದಿನ ಎಚ್‌ಆರ್ ಫಾರ್ಮ್ ಕೊಡ್ತಾರೆ, ತುಂಬಿದ್ರೆ ಆಯ್ತು. ಇವತ್ತು ರಿಸೈನ್ ಮಾಡಿಲ್ಲ ಅಂದ್ರೆ ಇನ್ನೊಬ್ರು ರೆಡಿ ಇದಾರೆ." ಬರವಣಿಗೆಯಲ್ಲಿ ಕೇಳಿದ್ದಕ್ಕೆಲ್ಲ ಬಾಯಲ್ಲೇ ಉತ್ತರ. ಪ್ರತಿ ಸಲ ಹಂಗೇ.

ಹಳೇ ಕಂಪನಿಯಲ್ಲಿ ಆಗ ಕಸ್ಟಮರ್ ಆಡಿಟ್ ಹತ್ತಿರ ಬಂದಿತ್ತು. ಗೇಜ್ ಕ್ಯಾಲಿಬ್ರೇಶನ್ ರೆಕಾರ್ಡ್ ಎಲ್ಲ ನನ್ನ ಕೈಯಾಗಿತ್ತು. ನಮ್ಮ ಸಾಹೇಬ್ರು "ಆಡಿಟ್ ಮುಗಿಸಿ ಹೋಗಪಾ" ಅಂದ್ರು. ನಾನು ಅವರ ಕೈಕಾಲು ಹಿಡಿದಂಗೆ ಕೇಳಿ ಬಿಡಿಸಿಕೊಂಡೆ. ಒಳ್ಳೇ ಮನುಷ್ಯ, ಬಿಟ್ರು. ಈಗ ಅವರಿಗೆ ಮುಖ ತೋರಿಸೋಕೆ ನಾಚಿಕೆ.

ಫೈನಲ್ ಸೆಟ್ಲ್‌ಮೆಂಟ್ ಶೀಟ್ ಕೈಗೆ ಕೊಟ್ರು. ಮೇಲೆ ನನ್ನ 15 ದಿನದ ಸಂಬಳ 23,000, ಅದರ ಕೆಳಗೆ "ನೋಟಿಸ್ ಪೇ ರಿಕವರಿ 69,000", ಕೊನೆಗೆ ನಾನು ಕಟ್ಟಬೇಕಾದ್ದು 46,000. ಅದನ್ನ ಕಟ್ಟಿದ ಮೇಲೆಯೇ ರಿಲೀವಿಂಗ್ ಲೆಟರ್. ಗೋಕಾಕಿನ ಅಕ್ಕನ ಹತ್ರ ರೊಕ್ಕ ತಗೊಂಡು ಕಟ್ಟಿದೆ, ಒಂದು ತಿಂಗಳಾಗ ಕೊಡ್ತೀನಿ ಅಂತ ಹೇಳಿ.

ಇನ್ನು ಜಾಯಿನ್ ಆದ ದಿನ. ಎಚ್‌ಆರ್ ಮೇಡಂಗೆ ರಿಕವರಿ ಶೀಟ್, ಕಟ್ಟಿದ ರಸೀದಿ ಎರಡೂ ಕೊಟ್ಟೆ. ಅವರು ನೋಡಿ, ವಾಪಸ್ ನನ್ನ ಕಡೆ ಸರಿಸಿದ್ರು. "ನಮ್ಮಲ್ಲಿ ಬೈಔಟ್ ಅಂದ್ರೆ ಮ್ಯಾಕ್ಸಿಮಮ್ ಒಂದು ತಿಂಗಳ ಬೇಸಿಕ್. ಅದೂ ಪ್ರೊಬೇಶನ್ ಮುಗಿದು ಕನ್ಫರ್ಮ್ ಆದ ಮೇಲೆ, ಸಂಬಳದ ಜೊತೆ ಬರುತ್ತೆ. ಒಂದು ವರ್ಷದ ಒಳಗೆ ಬಿಟ್ರೆ ಅಷ್ಟೂ ವಾಪಸ್ ಕಟ್ಟಬೇಕು." ಪ್ರೊಬೇಶನ್ ಆರು ತಿಂಗಳು. ಅಂದ್ರೆ 69,000ಕ್ಕೆ ನನಗೆ ಬರೋದು 23,000, ಅದೂ ಅರ್ಧ ವರ್ಷ ಆದ ಮೇಲೆ. ಉಳಿದ 46,000 ನನ್ನ ಮೈಮೇಲೆ. ಅಕ್ಕನಿಗೆ ಏನು ಹೇಳ್ಲಿ ಅನ್ನೋದೊಂದೇ ತಲೆಯಲ್ಲಿ ಓಡ್ತಿತ್ತು. ಕನ್ಸಲ್ಟನ್ಸಿಯವನು ಪೂರ್ತಿ ಅಂದಿದ್ದ ಅಂದೆ. "ಅವ್ರು ಹೇಳಿದ್ದಕ್ಕೆ ನಾವು ಜವಾಬ್ದಾರರಲ್ಲ, ನಮ್ಮ ಆಫರ್ ಲೆಟರ್‌ನಲ್ಲಿ ಇದ್ಯಾ?" ಅಂತ ಕೇಳಿದ್ರು.

ಅಲ್ಲಿಂದಲೇ ಅವನಿಗೆ ಫೋನ್ ಹಚ್ಚಿದೆ. ಅವನು ಹೇಳಿದ್ದು ಕೇಳ್ರಿ: "ಸರ್, ನಾನು ಕಂಪನಿ ನೋಡ್ಕೊಳ್ಳುತ್ತೆ ಅಂದಿದ್ದು. ಪೂರ್ತಿ ಕೊಡುತ್ತೆ ಅಂತ ಎಲ್ಲಿ ಅಂದೆ? ಮೆಸೇಜ್ ಇನ್ನೊಮ್ಮೆ ಓದಿ." ಓದಿದೆ. ನಿಜ, ಪೂರ್ತಿ ಅಂತ ಎಲ್ಲೂ ಬರೆದಿಲ್ಲ. ಫೋನ್‌ನಾಗ ಮಾತ್ರ ಅಂದಿದ್ದ. ಫೋಟೋ ಕಳಿಸಿದಾಗ "ನೋಟೆಡ್" ಅಂದ ಮನುಷ್ಯ! ನೋಟ್ ಮಾಡಿಕೊಂಡು ಏನು ಮಾಡಿದ? ಆಮೇಲೆ ಹಾಕಿದ ಮೆಸೇಜಿಗೆಲ್ಲ ನೀಲಿ ಟಿಕ್ ಬರ್ತದೆ, ಉತ್ತರ ಬರಲ್ಲ.

ಅವನಿಗೆ ಯಾಕೆ ಅಷ್ಟು ಅವಸರ ಅಂತ ಈಗ ಗೊತ್ತಾಗ್ತದೆ. ನಾವು ಜಾಯಿನ್ ಆದ ಮೇಲೆಯೇ ಕನ್ಸಲ್ಟನ್ಸಿ ಕಂಪನಿಗೆ ಬಿಲ್ ಹಾಕೋದು, ನಮ್ಮ ವರ್ಷದ ಸಂಬಳದಲ್ಲಿ ಇಷ್ಟು ಪರ್ಸೆಂಟ್ ಅಂತ. ನಮ್ಮ ಬೈಔಟ್ ಬಂತೋ ಬಿಡ್ತೋ ಅವನಿಗೆ ಏನೂ ಆಗಲ್ಲ. ನನಗೆ ತಿಂಗಳಿಗೆ ಹೆಚ್ಚಾದದ್ದು 12,000. ಸುಮಾರು ಆರು ತಿಂಗಳ ಹೆಚ್ಚುವರಿ ಸಂಬಳ ಈ ಒಂದೇ ರಿಕವರಿಗೆ ಹೋಯ್ತು, ಬೆಂಗಳೂರಿನ ರೂಮ್ ಬಾಡಿಗೆ ಅದರ ಮೇಲೆ.

ಇಂಥ ಫೋನ್ ಬಂದ್ರೆ ಬಾಯಲ್ಲಿ ಏನೂ ಒಪ್ಪಬೇಡ್ರಿ. ಈ ಉತ್ತರ ಮೇಲ್ ಮಾಡ್ರಿ, ನಿಮ್ಮ ಅಂಕಿ ಹಾಕಿಕೊಂಡು:

"ನನ್ನ ನೋಟಿಸ್ 60 ದಿನ. ಬೇಗ ಬಿಡುವುದು ಈಗಿನ ಕಂಪನಿಯ ಒಪ್ಪಿಗೆಗೆ ಬಿಟ್ಟದ್ದು. ಬಿಟ್ಟರೆ ಗ್ರಾಸ್ ಲೆಕ್ಕದಲ್ಲಿ 45 ದಿನಕ್ಕೆ 69,000 ರೂಪಾಯಿ ಕಟ್ಟಬೇಕಾಗುತ್ತದೆ. ಇದರಲ್ಲಿ ಎಷ್ಟು ಕೊಡುತ್ತೀರಿ, ಯಾವ ತಿಂಗಳ ಸಂಬಳದ ಜೊತೆ ಕೊಡುತ್ತೀರಿ, ನಾನು ಕೆಲಸ ಬಿಟ್ಟರೆ ಎಷ್ಟು ವಾಪಸ್ ಪಡೆಯುತ್ತೀರಿ ಎಂಬುದನ್ನು ಆಫರ್ ಲೆಟರ್‌ನಲ್ಲೇ ಬರೆದು ಕಂಪನಿಯ ಎಚ್‌ಆರ್ ಕಳಿಸಲಿ. ಅದು ಬಂದ ಮೇಲೆ ರಾಜೀನಾಮೆ ಕೊಡುತ್ತೇನೆ. ರಿಲೀವಿಂಗ್ ಲೆಟರ್ ಸಿಕ್ಕ ಮೇಲೆ ಜಾಯಿನ್ ಆಗುತ್ತೇನೆ. ಇದು ಆಗದಿದ್ದರೆ 60 ದಿನ ಮುಗಿಸಿ ಬರುತ್ತೇನೆ."

ಕನ್ಸಲ್ಟನ್ಸಿಯ ಮೇಲ್ ನಡೆಯಲ್ಲ, ಕಂಪನಿಯದೇ ಬರಬೇಕು. ವಾಯ್ಸ್ ಮೆಸೇಜ್ ಅಂತೂ ಬೇಡವೇ ಬೇಡ.

"ರಿಲೀವಿಂಗ್ ಲೆಟರ್ ಆಮೇಲೆ ತಂದ್ರಾಯ್ತು, ನಾಳೆನೇ ಬನ್ನಿ" ಅಂತಲೂ ಅವನು ಅಂದಿದ್ದ. ಅದಕ್ಕೆ ನಾನು ಒಪ್ಪಲಿಲ್ಲ, ನೀವೂ ಒಪ್ಪಬೇಡ್ರಿ. ಪಿಎಫ್‌ನ ಯುಎಎನ್ ನಂಬರ್ ಒಂದೇ ಇರುತ್ತೆ. ಹಳೇ ಕಂಪನಿ ಹಾಕೋ ಬಿಟ್ಟ ತಾರೀಖು ಹೊಸ ಕಂಪನಿಯ ಜಾಯಿನಿಂಗ್ ತಾರೀಖಿಗಿಂತ ಮುಂದೆ ಹೋದ್ರೆ ಎರಡು ಕಡೆ ಒಟ್ಟಿಗೆ ಕೆಲಸ ಮಾಡಿದಂಗೆ ದಾಖಲೆಯಲ್ಲಿ ಕಾಣುತ್ತೆ. ಮುಂದೆ ಇನ್ನೊಂದು ಕಂಪನಿ ಬ್ಯಾಕ್‌ಗ್ರೌಂಡ್ ಚೆಕ್ ಮಾಡಿಸಿದಾಗ ಅದಕ್ಕೆ ಉತ್ತರ ಕೊಡಬೇಕಾದವರು ನೀವು. ಆ ಹೊತ್ತಿಗೆ ಕನ್ಸಲ್ಟನ್ಸಿಯವನು ಫೋನ್ ಎತ್ತಲ್ಲ, ನನ್ನದು ಈಗಲೇ ಎತ್ತುತ್ತಿಲ್ಲ.