ಗೋಡೆ ಚಾರ್ಟ್ ಅಥವಾ ವಾರಕ್ಕೆ ಮೂರು ದಿನ: ಹೊಸಬರಿಗೆ ಯಾವ ಜಿಮ್ ಪ್ಲ್ಯಾನ್?

ಮಡಿಕೇರಿಯಲ್ಲಿ ನಾನು ಹೋಗುವ ಜಿಮ್‌ನ ಗೋಡೆಯ ಮೇಲೆ ಒಂದು ಚಾರ್ಟ್ ಇದೆ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ಬೈಸೆಪ್ಸ್, ಶುಕ್ರವಾರ ಟ್ರೈಸೆಪ್ಸ್, ಶನಿವಾರ ಕಾಲು. ದಿನಕ್ಕೆ ನಾಲ್ಕು ವ್ಯಾಯಾಮ, ಒಂದೊಂದಕ್ಕೆ ನಾಲ್ಕು ಸೆಟ್, ಹನ್ನೆರಡು ರೆಪ್, ನಡುವೆ ಅರವತ್ತು ಸೆಕೆಂಡ್ ವಿಶ್ರಾಂತಿ. ಹೊಸದಾಗಿ ಸೇರಿದವರಿಗೂ ಇದೇ, ಹತ್ತು ವರ್ಷ ಮಾಡಿದವರಿಗೂ ಇದೇ. ಮೊದಲು ಇದನ್ನೇ ಮಾಡಿದೆ. ಆಮೇಲೆ ವಾರಕ್ಕೆ ಮೂರೇ ದಿನ, ಪ್ರತಿ ಸಲ ಇಡೀ ಮೈಗೆ ಕೆಲಸ ಕೊಡುವ ಪ್ಲ್ಯಾನ್‌ಗೆ ಬಂದೆ. ಎರಡನ್ನೂ ಮಳೆಗಾಲದಲ್ಲೂ ಕಾಫಿ ಕುಯ್ಲಿನಲ್ಲೂ ಮಾಡಿ ನೋಡಿದ್ದೇನೆ.

ಗೋಡೆ ಚಾರ್ಟ್‌ನ ದೊಡ್ಡ ತೊಂದರೆ ಒಂದು ದಿನ ತಪ್ಪಿದಾಗ ಗೊತ್ತಾಗುತ್ತದೆ. ಜುಲೈ ತಿಂಗಳಲ್ಲಿ ಇಲ್ಲಿ ದಿನ ತಪ್ಪದೇ ಇರುವುದೇ ಕಷ್ಟ. ರಸ್ತೆಗೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಜಿಮ್ ಬಾಗಿಲೇ ತೆರೆದಿರುವುದಿಲ್ಲ. ಶನಿವಾರ ತಪ್ಪಿತು ಅಂದುಕೊಳ್ಳಿ. ಕಾಲಿನ ಸರದಿ ಮತ್ತೆ ಬರುವುದು ಮುಂದಿನ ಶನಿವಾರ. ಅಂದರೆ ಎರಡು ವಾರ ಕಾಲಿಗೆ ಕೆಲಸವೇ ಇಲ್ಲ. ಅದರಲ್ಲೂ ಮದುವೆ, ನಾಮಕರಣ, ನೆಂಟರ ಮನೆ ಎಲ್ಲ ವಾರದ ಕೊನೆಗೇ ತಾನೇ? ನಮ್ಮ ಜಿಮ್‌ನಲ್ಲಿ ಎದೆ ಅಗಲವಾಗಿ ಕಾಲು ಸಣ್ಣಗಿರುವ ಹುಡುಗರು ಯಾಕೆ ಜಾಸ್ತಿ ಅನ್ನುವುದಕ್ಕೆ ಉತ್ತರ ಆ ಚಾರ್ಟ್‌ನಲ್ಲೇ ಇದೆ.

ಮೂರು ದಿನದ ಪ್ಲ್ಯಾನ್‌ನಲ್ಲಿ ಈ ಗೋಳಿಲ್ಲ. ಎ ಮತ್ತು ಬಿ ಅಂತ ಎರಡು ಪಟ್ಟಿ. ಒಂದು ವಾರ ಎ-ಬಿ-ಎ, ಮುಂದಿನ ವಾರ ಬಿ-ಎ-ಬಿ. ಬುಧವಾರ ಹೋಗಲಾಗಲಿಲ್ಲವೇ? ಶುಕ್ರವಾರ ಹೋದಾಗ ಬುಧವಾರದ್ದನ್ನೇ ಮಾಡಿ. ಯಾವ ಭಾಗವೂ ಬಿಟ್ಟುಹೋಗುವುದಿಲ್ಲ.

| ದಿನ | ವ್ಯಾಯಾಮ | ಸೆಟ್ | ರೆಪ್ | ವಿಶ್ರಾಂತಿ |
|---|---|---|---|---|
| ಎ | ಗಾಬ್ಲೆಟ್ ಸ್ಕ್ವಾಟ್ (ಡಂಬೆಲ್ ಎದೆಗೆ ಹಿಡಿದು) | 3 | 8–12 | 2 ನಿಮಿಷ |
| ಎ | ಡಂಬೆಲ್ ಬೆಂಚ್ ಪ್ರೆಸ್ | 3 | 8–12 | 2 ನಿಮಿಷ |
| ಎ | ಕೂತು ಎಳೆಯುವ ಕೇಬಲ್ ರೋ | 3 | 8–12 | 90 ಸೆಕೆಂಡ್ |
| ಎ | ಪ್ಲಾಂಕ್ | 3 | 20–40 ಸೆಕೆಂಡ್ | 1 ನಿಮಿಷ |
| ಬಿ | ರೊಮೇನಿಯನ್ ಡೆಡ್‌ಲಿಫ್ಟ್ | 3 | 8–12 | 2 ನಿಮಿಷ |
| ಬಿ | ಡಂಬೆಲ್ ಶೋಲ್ಡರ್ ಪ್ರೆಸ್ | 3 | 8–12 | 2 ನಿಮಿಷ |
| ಬಿ | ಲ್ಯಾಟ್ ಪುಲ್‌ಡೌನ್ | 3 | 8–12 | 90 ಸೆಕೆಂಡ್ |
| ಬಿ | ಲೆಗ್ ಪ್ರೆಸ್ | 2 | 10–12 | 90 ಸೆಕೆಂಡ್ |

ಎರಡು ದಿನಗಳ ನಡುವೆ ಒಂದು ದಿನವಾದರೂ ಬಿಡುವು ಇರಲಿ. ವಾರಕ್ಕೆ ಎರಡು ಮೂರು ದಿನ, ಎಂಟರಿಂದ ಹನ್ನೆರಡು ರೆಪ್ ಅನ್ನುವುದು ನನ್ನ ಲೆಕ್ಕವಲ್ಲ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರಲ್ಲಿ ಹೊಸಬರಿಗೆ ಹೇಳಿದ್ದೂ ಇದನ್ನೇ.

ಇನ್ನು ನೋವಿನ ವಿಷಯ. ಹೊಸಬನಿಗೆ ಒಂದೇ ದಿನ ಒಂದೇ ಭಾಗಕ್ಕೆ ಹದಿನಾರು ಸೆಟ್ ತುಂಬಾ ಜಾಸ್ತಿ. ಕಾಲಿನ ದಿನದ ನಂತರ ಅದು ಚೆನ್ನಾಗಿ ಗೊತ್ತಾಗುತ್ತದೆ. ಮಾರನೇ ದಿನಕ್ಕಿಂತ ಅದರ ಮಾರನೇ ದಿನ ನೋವು ಇನ್ನೂ ಜೋರು. ನಮ್ಮ ತೋಟ ಇಳಿಜಾರಿನಲ್ಲಿದೆ. ಹತ್ತುವಾಗ ಏನೋ ಸುಧಾರಿಸಿಕೊಳ್ಳಬಹುದು, ಇಳಿಯುವಾಗ ಪ್ರಾಣ ಹೋಗುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಸ್ನಾಯುವಿಗೆ ನೋವು ತರುವುದರಲ್ಲಿ ಅಂಥ ಕೆಲಸವೇ ಮುಂದೆ. ನಾನಂತೂ ಕಾಫಿ ಗಿಡದ ಕೊಂಬೆ ಹಿಡಿದು ಪಕ್ಕಕ್ಕೆ ತಿರುಗಿ, ಒಂದೊಂದೇ ಹೆಜ್ಜೆ ಇಟ್ಟು ಇಳಿಯುತ್ತಿದ್ದೆ. ಮೂರು ದಿನದ ಪ್ಲ್ಯಾನ್‌ನಲ್ಲಿ ಕಾಲಿಗೆ ಒಂದು ಸಲಕ್ಕೆ ಮೂರರಿಂದ ಐದು ಸೆಟ್. ಸ್ವಲ್ಪ ಬಿಗಿ ಅನಿಸುತ್ತದೆ, ಅಷ್ಟೇ.

ಸಾಮಾನ್ಯ ನೋವು ಮಂದವಾಗಿ ಎರಡೂ ಕಡೆ ಇರುತ್ತದೆ, ಕೆಲವು ದಿನದಲ್ಲಿ ಇಳಿಯುತ್ತದೆ. ಒಂದೇ ಕಡೆ ಕೀಲಿನಲ್ಲಿ ಚುಚ್ಚಿದ ಹಾಗಾದರೆ ಆ ವ್ಯಾಯಾಮ ನಿಲ್ಲಿಸಿ. ವಿಪರೀತ ಮಾಡಿದ ಮೇಲೆ ಸ್ನಾಯು ಊದಿಕೊಂಡು ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಕಿಡ್ನಿಗೆ ಪೆಟ್ಟು ಬೀಳುವ ಲಕ್ಷಣ ಅದು.

ಚಾರ್ಟ್‌ನಲ್ಲಿ ಯಾರೂ ಗಮನ ಕೊಡದ ಕಾಲಂ ವಿಶ್ರಾಂತಿಯದ್ದು. "ಅಣ್ಣಾ, ಅರವತ್ತು ಸೆಕೆಂಡ್ ಆಯ್ತು, ಎದ್ದೇಳಿ" ಅಂತ ಟ್ರೈನರ್ ಹುಡುಗ ಹೇಳುತ್ತಲೇ ಇರುತ್ತಾನೆ. ಒಂದು ನಿಮಿಷ ಬಿಟ್ಟು ಬೆಂಚ್ ಪ್ರೆಸ್ ಮಾಡಿದಾಗ ನನಗೆ ಬಂದ ರೆಪ್ 10, 7, 5. ಒಟ್ಟು 22. ಅದೇ ಡಂಬೆಲ್, ಫೋನ್‌ನಲ್ಲಿ ಎರಡು ನಿಮಿಷ ಟೈಮರ್ ಇಟ್ಟಾಗ 10, 9, 8. ಒಟ್ಟು 27. ಬೆವರು ಮೊದಲನೆಯದರಲ್ಲೇ ಜಾಸ್ತಿ, ಕೆಲಸ ಎರಡನೆಯದರಲ್ಲಿ ಜಾಸ್ತಿ. ಶಕ್ತಿ ಹೆಚ್ಚಬೇಕು ಅನ್ನುವವರಿಗೆ ಲೆಕ್ಕಕ್ಕೆ ಬರುವುದು ಎರಡನೆಯದು. ಆದರೆ ಆ ಎರಡು ನಿಮಿಷದಲ್ಲಿ ರೀಲ್ಸ್ ನೋಡಲು ಹೋದರೆ ಅದು ಏಳು ನಿಮಿಷವಾಗುತ್ತದೆ, ಡಿಸೆಂಬರ್ ಚಳಿಯಲ್ಲಿ ಮೈ ಮತ್ತೆ ತಣ್ಣಗಾಗುತ್ತದೆ.

ರೆಪ್ ಕಾಲಂನಲ್ಲಿ 12 ಅಂತ ಒಂದೇ ಅಂಕಿ ಇರುವುದಕ್ಕೂ 8–12 ಅಂತ ಇರುವುದಕ್ಕೂ ಬಹಳ ವ್ಯತ್ಯಾಸವಿದೆ. ನಮ್ಮ ಜಿಮ್‌ನಲ್ಲಿ 10 ಕೆಜಿ ಡಂಬೆಲ್ ಆದಮೇಲೆ ಸಿಗುವುದು 12.5 ಕೆಜಿ. ನೋಡಲು ಎರಡೂವರೆ ಕೆಜಿ, ಆದರೆ ಭಾರ ಕಾಲು ಭಾಗ ಏರಿತು. ಏರಿಸುವುದು ನೂರಕ್ಕೆ ಎರಡರಿಂದ ಹತ್ತು ಇರಲಿ ಅನ್ನುವುದು ಸಾಮಾನ್ಯ ಸಲಹೆ. 12 ರೆಪ್ ಕಡ್ಡಾಯ ಅಂದರೆ ಹೊಸ ಭಾರದಲ್ಲಿ ಮೂರನೇ ಸೆಟ್ ಮುಗಿಯುವುದೇ ಇಲ್ಲ, ಸೊಂಟ ಎತ್ತಿ ಕಳ್ಳಾಟ ಶುರುವಾಗುತ್ತದೆ. 8–12 ಇದ್ದರೆ ದಾರಿ ಸಿಗುತ್ತದೆ. ನನ್ನ ಗಾಬ್ಲೆಟ್ ಸ್ಕ್ವಾಟ್ 10 ಕೆಜಿಯಲ್ಲಿ 8, 8, 7ರಿಂದ ಶುರುವಾಯಿತು. ಮುಂದಿನ ಸಲ 9, 8, 8. ಹೀಗೇ ಒಂದೊಂದು ಸೇರಿ ಮೂರೂ ಸೆಟ್ 12 ಮುಟ್ಟಿದ ಮೇಲೆ 12.5 ತೆಗೆದುಕೊಂಡೆ. ಆಗ ಮತ್ತೆ 9, 8, 8. ಸೆಟ್ ಮುಗಿದಾಗ ಇನ್ನೂ ಒಂದೆರಡು ರೆಪ್ ಆಗುತ್ತಿತ್ತು ಅನ್ನುವಷ್ಟರಲ್ಲಿ ನಿಲ್ಲಿಸಬೇಕು. ಇದನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡದಿದ್ದರೆ ಹೋದ ಸಲ ಎಷ್ಟು ಮಾಡಿದೆ ಅನ್ನುವುದು ಖಂಡಿತ ಮರೆಯುತ್ತದೆ.

ಗೋಡೆ ಚಾರ್ಟ್‌ಗೂ ಒಂದು ಒಳ್ಳೆಯ ಗುಣ ಇದೆ. ಸಂಜೆ ಆರೂವರೆಗೆ ಜಿಮ್ ತುಂಬಿದಾಗ ಒಂದು ಮೂಲೆಯಲ್ಲೇ ಕೆಲಸ ಮುಗಿಯುತ್ತದೆ. ಮೂರು ದಿನದ ಪ್ಲ್ಯಾನ್‌ನವನು ಬೆಂಚಿನಿಂದ ಕೇಬಲ್‌ಗೆ, ಅಲ್ಲಿಂದ ಲೆಗ್ ಪ್ರೆಸ್‌ಗೆ ಅಲೆಯಬೇಕು, ಸರದಿಗೆ ಕಾಯಬೇಕು. ನಾನು ಕೇಬಲ್ ಖಾಲಿ ಇಲ್ಲದಿದ್ದರೆ ಒಂದು ಕೈ ಬೆಂಚಿಗೆ ಊರಿ ಡಂಬೆಲ್ ರೋ ಮಾಡಿಬಿಡುತ್ತೇನೆ. ಕೆಲಸ ಮಾಡುವ ಸ್ನಾಯು ಹೆಚ್ಚುಕಡಿಮೆ ಅದೇ.

ಜನವರಿ ಫೆಬ್ರವರಿಯಲ್ಲಿ ರೊಬಸ್ಟಾ ಕುಯ್ಲು ಇರುವಾಗ ಎರಡನ್ನೂ ಹಾಗೇ ಮಾಡಲಾಗದು. ದಿನವಿಡೀ ಕೊಂಬೆ ಎಳೆದು, ಸಂಜೆ ಚೀಲ ಎತ್ತಿದ ಕೈಗೆ ಹಿಡಿತವೇ ಇರುವುದಿಲ್ಲ. ಡೆಡ್‌ಲಿಫ್ಟ್‌ನಲ್ಲಿ ಬೆನ್ನು ಸುಸ್ತಾಗುವ ಮೊದಲೇ ಬೆರಳು ಬಿಡುತ್ತದೆ. ಆ ತಿಂಗಳುಗಳಲ್ಲಿ ನಾನು ಭಾರ ಇಳಿಸುವುದಿಲ್ಲ, ಮೂರು ಸೆಟ್ ಇದ್ದದ್ದನ್ನು ಎರಡಕ್ಕೆ ಇಳಿಸಿ ವಾರಕ್ಕೆ ಎರಡು ದಿನ ಹೋಗುತ್ತೇನೆ. ಗಳಿಸಿದ್ದು ಉಳಿಸಿಕೊಳ್ಳಲು ಅಷ್ಟು ಸಾಕಾಗಿದೆ. ಆರು ದಿನದ ಚಾರ್ಟ್ ಅನ್ನು ಹಾಗೆ ಎರಡು ದಿನಕ್ಕೆ ಇಳಿಸಿದರೆ ಎದೆ, ಬೆನ್ನು ಮಾತ್ರ ಉಳಿಯುತ್ತದೆ.

ಆದ್ದರಿಂದ ಹೊಸದಾಗಿ ಸೇರಿದವರಿಗೆ ನನ್ನ ಓಟು ಮೂರು ದಿನಕ್ಕೆ. ಚೆನ್ನಾಗಿ ತಿಂದು ಮಲಗಿದರೂ ಹಲವು ವಾರ ರೆಪ್ ಏರದೇ ನಿಂತರೆ, ಒಂದು ದಿನದ ಪಟ್ಟಿ ಒಂದೂವರೆ ಗಂಟೆ ದಾಟಿದರೆ, ಆಗ ಎರಡು ದಿನ ಮೈಯ ಮೇಲ್ಭಾಗ, ಎರಡು ದಿನ ಕಾಲು ಅಂತ ನಾಲ್ಕು ದಿನದ ಪ್ಲ್ಯಾನ್‌ಗೆ ಹೋಗಬಹುದು.