ಕಾರ್ಟಿಸಾಲ್ ಹೆಚ್ಚಳಕ್ಕೆ ಶಸ್ತ್ರಚಿಕಿತ್ಸೆಯೋ ಮಾತ್ರೆಯೋ: ಅನುಭವದಿಂದ ಒಂದು ಹೋಲಿಕೆ

ಪಿಟ್ಯುಟರಿ ಗ್ರಂಥಿಯ ಸಣ್ಣ ಗಡ್ಡೆಯೊಂದು ಎಸಿಟಿಎಚ್ ಹಾರ್ಮೋನನ್ನು ಅತಿಯಾಗಿ ಸ್ರವಿಸುತ್ತಾ, ಎರಡೂ ಅಡ್ರಿನಲ್ ಗ್ರಂಥಿಗಳಿಂದ ಬಿಡುವಿಲ್ಲದೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಮಾಡಿಸುವ ಕುಶಿಂಗ್ ಕಾಯಿಲೆ ನನ್ನದು. ಪಿಟ್ಯುಟರಿ ಶಸ್ತ್ರಚಿಕಿತ್ಸೆ, ಕಾರ್ಟಿಸಾಲ್ ತಯಾರಿಸುವ ಕಿಣ್ವವನ್ನು ತಡೆಯುವ ಔಷಧ, ಜೀವಕೋಶದಲ್ಲಿ ಕಾರ್ಟಿಸಾಲ್ ಅಂಟಿಕೊಳ್ಳುವ ತಾಣವಾದ ಗ್ರಾಹಕವನ್ನು ತಡೆಯುವ ಔಷಧ, ಕೊನೆಗೆ ಅಡ್ರಿನಲ್ ಶಸ್ತ್ರಚಿಕಿತ್ಸೆ, ಹೀಗೆ ನಾಲ್ಕನ್ನೂ ಒಂದಾದ ಮೇಲೊಂದರಂತೆ ಕಂಡಿದ್ದೇನೆ. ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವವರು ಸಾಮಾನ್ಯವಾಗಿ ಅಡ್ಡಪರಿಣಾಮಗಳನ್ನು ಹೋಲಿಸುತ್ತಾರೆ. ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದನ್ನು ಯಾವ ಅಳತೆಯಿಂದ ತಿಳಿಯಬೇಕು ಎಂಬಲ್ಲಿ ಇವು ಅದಕ್ಕಿಂತ ಹೆಚ್ಚು ಬೇರೆಯಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೂಗಿನ ಮೂಲಕ ಪಿಟ್ಯುಟರಿ ಗಡ್ಡೆಯನ್ನು ತೆಗೆಯುವುದೇ ಮೊದಲ ಆಯ್ಕೆ, ಮತ್ತು ಅದರ ಅಳತೆಗೋಲು ಎಲ್ಲಕ್ಕಿಂತ ಸರಳವಾದುದು. ಗಡ್ಡೆ ಪೂರ್ತಿ ಹೋಗಿದ್ದರೆ, ಅದುವರೆಗೆ ಮಂಕಾಗಿದ್ದ ಆರೋಗ್ಯವಂತ ಕೋಶಗಳು ಕೂಡಲೇ ಎಚ್ಚರಗೊಳ್ಳದ ಕಾರಣ, ಕೆಲವೇ ದಿನಗಳಲ್ಲಿ ಬೆಳಗಿನ ಕಾರ್ಟಿಸಾಲ್ ಡೆಸಿಲೀಟರಿಗೆ 2 ಮೈಕ್ರೋಗ್ರಾಂಗಿಂತ ಕೆಳಗೆ ಇಳಿಯುತ್ತದೆ. ಆಗ ಕಾಡುವ ಕೀಲುನೋವು, ಓಕರಿಕೆ, ಎದ್ದು ನಿಲ್ಲಲಾಗದ ಆಯಾಸಗಳೇ ಶುಭಸೂಚನೆ. ಗ್ರಂಥಿ ಚೇತರಿಸಿಕೊಳ್ಳುವವರೆಗೆ, ಅಂದರೆ ಹಲವು ತಿಂಗಳು, ಕಾರ್ಟಿಸಾಲಿನ ಔಷಧರೂಪವಾದ ಹೈಡ್ರೊಕಾರ್ಟಿಸೋನ್ ಬೇಕಾಗುತ್ತದೆ. ನನಗೂ ಹಾಗೆಯೇ ಆಯಿತು. ಆದರೆ ಕೆಲವು ವರ್ಷಗಳ ನಂತರ ಮಧ್ಯರಾತ್ರಿಯ ಜೊಲ್ಲಿನ ಪರೀಕ್ಷೆಯಲ್ಲಿ ಕಾರ್ಟಿಸಾಲ್ ಮತ್ತೆ ಏರಿರುವುದು ಕಂಡಿತು. ಸ್ಕ್ಯಾನಿನಲ್ಲಿ ಗಡ್ಡೆ ಸ್ಪಷ್ಟವಾಗಿ ಕಾಣದಿದ್ದುದರಿಂದ ಎರಡನೆಯ ಬಾರಿ ಅಲ್ಲಿಗೆ ಕೈಹಾಕುವುದು ಬೇಡವೆಂದಾಯಿತು.

ಮುಂದಿನದು ಮೆಟಿರಾಪೋನ್. ಕಾರ್ಟಿಸಾಲ್ ತಯಾರಿಯ ಕೊನೆಯ ಹಂತದ ಕಿಣ್ವವನ್ನು ಇದು ತಡೆಯುತ್ತದೆ; ಪರಿಣಾಮ ಕೆಲವೇ ಗಂಟೆಗಳಲ್ಲಿ ಕಾಣುತ್ತದೆ, ಅಷ್ಟೇ ಬೇಗ ಇಳಿದುಹೋಗುವುದರಿಂದ 250 ಮಿಲಿಗ್ರಾಂ ಕ್ಯಾಪ್ಸೂಲನ್ನು ದಿನಕ್ಕೆ ಮೂರು ನಾಲ್ಕು ಬಾರಿ ಆಹಾರದೊಂದಿಗೆ ನುಂಗಬೇಕು. ಇದರ ತೊಡಕು ಅಳತೆಯಲ್ಲಿಯೇ ಇದೆ. ಕೊನೆಯ ಹಂತ ಕಟ್ಟಿಕೊಂಡಾಗ ಅದರ ಹಿಂದಿನ ವಸ್ತುವಾದ 11-ಡಿಆಕ್ಸಿಕಾರ್ಟಿಸಾಲ್ ರಕ್ತದಲ್ಲಿ ರಾಶಿಯಾಗುತ್ತದೆ, ಮತ್ತು ಸಾಮಾನ್ಯ ಪ್ರಯೋಗಾಲಯಗಳ ಇಮ್ಯುನೊಅಸ್ಸೇ ಪರೀಕ್ಷೆಯು ಅದರ ಒಂದು ಪಾಲನ್ನು ಕಾರ್ಟಿಸಾಲ್ ಎಂದೇ ಎಣಿಸಿಬಿಡುತ್ತದೆ. ನನ್ನ ಪ್ರಮಾಣವನ್ನು ಹೆಚ್ಚಿಸಿದ ಮೇಲೆ ಬೆಳಗಿನ ವರದಿಯಲ್ಲಿ 15 ಎಂದು ಬಂದಿತ್ತು. ಅಂಕಿಯನ್ನಷ್ಟೇ ನೋಡಿದರೆ ಔಷಧವನ್ನು ಇನ್ನೂ ಏರಿಸಬೇಕಿತ್ತು. ಆದರೆ ನನಗೆ ಹಾಸಿಗೆಯಿಂದ ಏಳುವಾಗ ಕಣ್ಣು ಕತ್ತಲಿಡುತ್ತಿತ್ತು, ಊಟ ಸೇರುತ್ತಿರಲಿಲ್ಲ. ವೈದ್ಯರು ಅದೇ ಮಾದರಿಯನ್ನು, ಇಂಥ ಹೋಲುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಕಳಿಸಿದಾಗ ನಿಜವಾದ ಮಟ್ಟ 4ರ ಒಳಗಿತ್ತು. ಔಷಧವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಹೈಡ್ರೊಕಾರ್ಟಿಸೋನ್ ಕೊಟ್ಟು, ಆಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಆರಂಭಿಸಿದರು. ಹೀಗೆ ಕಟ್ಟಿಕೊಂಡ ವಸ್ತುಗಳು ಬೇರೆ ದಾರಿಗಳಿಗೂ ಹರಿಯುವುದರಿಂದ ರಕ್ತದೊತ್ತಡ ಏರಿತು, ಗಲ್ಲದ ಮೇಲೆ ಕೂದಲು ಮೂಡಿತು; ಹೆಂಗಸರಿಗೆ ದೀರ್ಘಕಾಲ ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಕಾರ್ಟಿಸಾಲ್ ತಯಾರಿಯನ್ನು ತಡೆಯುವ ಮತ್ತೊಂದು ಔಷಧವಾದ ಕೀಟೊಕೊನಜೋಲ್‌ನಲ್ಲಿ ಈ ಕೂದಲಿನ ಕಾಟವಿಲ್ಲ, ಆದರೆ ಯಕೃತ್ತಿನ ಪರೀಕ್ಷೆಯನ್ನು ಮತ್ತೆಮತ್ತೆ ಮಾಡಿಸಬೇಕು, ಮತ್ತು ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಮಾತ್ರೆಯೊಂದಿಗೆ ಅದು ಸರಿಯಾಗಿ ಹೀರಲ್ಪಡುವುದಿಲ್ಲ.

ಮಿಫೆಪ್ರಿಸ್ಟೋನ್ ಕಾರ್ಟಿಸಾಲ್ ತಯಾರಿಯನ್ನು ಮುಟ್ಟುವುದೇ ಇಲ್ಲ. ಕಾರ್ಟಿಸಾಲ್ ಕುಳಿತುಕೊಳ್ಳುವ ಗ್ರಾಹಕವನ್ನು ಈ ಔಷಧ ತಾನು ಆಕ್ರಮಿಸಿಕೊಳ್ಳುತ್ತದೆ. ದಿನಕ್ಕೊಮ್ಮೆ 300 ಮಿಲಿಗ್ರಾಂನಿಂದ ಆರಂಭ. ಸಕ್ಕರೆಯ ಮಟ್ಟ ನನಗೆ ಬೇರೆ ಯಾವ ಔಷಧದಲ್ಲೂ ಇಷ್ಟು ಚೆನ್ನಾಗಿ ಇಳಿಯಲಿಲ್ಲ. ಆದರೆ ಇಲ್ಲಿ ಕಾರ್ಟಿಸಾಲ್ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ, ಏಕೆಂದರೆ ಪಿಟ್ಯುಟರಿಯೂ ಆ ಹಾರ್ಮೋನನ್ನು ಗುರುತಿಸಲಾಗದೆ ಎಸಿಟಿಎಚ್ ಹೆಚ್ಚಿಸುತ್ತದೆ, ಮಟ್ಟ ಮೊದಲಿಗಿಂತ ಮೇಲೇರುತ್ತದೆ. ತೂಕ, ಸಕ್ಕರೆ, ರಕ್ತದೊತ್ತಡ, ಸ್ನಾಯುಬಲಗಳೇ ಅಳತೆಗೋಲು. ಹೀಗೆ ಏರಿದ ಕಾರ್ಟಿಸಾಲ್ ಮೂತ್ರಪಿಂಡದಲ್ಲಿರುವ ಮತ್ತೊಂದು ಗ್ರಾಹಕದ ಮೇಲೆ ಕೆಲಸ ಮಾಡುವುದರಿಂದ ನನ್ನ ಪೊಟ್ಯಾಸಿಯಂ 2.9ಕ್ಕೆ ಇಳಿದು, ಆ ಗ್ರಾಹಕವನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಸೇರಿಸಬೇಕಾಯಿತು. ಪ್ರೊಜೆಸ್ಟೆರಾನ್ ಗ್ರಾಹಕವನ್ನೂ ಇದು ತಡೆಯುವುದರಿಂದ ಗರ್ಭಕೋಶದ ಒಳಪದರ ದಪ್ಪಗಾಗಿ ರಕ್ತಸ್ರಾವ ನಿಲ್ಲದಾಯಿತು. ಗರ್ಭಿಣಿಯರಿಗಂತೂ ಇದು ಸಲ್ಲದು. ಪ್ರಮಾಣ ಮಿತಿಮೀರಿ ಸುಸ್ತು, ವಾಂತಿ ಬಂದರೆ ಹೈಡ್ರೊಕಾರ್ಟಿಸೋನ್ ಸಾಕಾಗುವುದಿಲ್ಲ, ಅದಕ್ಕಿಂತ ಪ್ರಬಲ ಸ್ಟೆರಾಯ್ಡ್ ಆದ ಡೆಕ್ಸಾಮೆಥಾಸೋನ್ ಹೆಚ್ಚಿನ ಪ್ರಮಾಣದಲ್ಲಿ ಬೇಕು. ಔಷಧ ದೇಹದಲ್ಲಿ ಹಲವು ದಿನ ಉಳಿಯುವುದರಿಂದ ಆ ಉಪಚಾರವೂ ಅಷ್ಟು ದಿನ ಮುಂದುವರಿಯಬೇಕು. ಈ ಮಾತನ್ನು ತುರ್ತು ವಿಭಾಗದವರಿಗೆ ನಾವೇ ಹೇಳಬೇಕಾಗಬಹುದೆಂದು ಚೀಟಿಯಲ್ಲಿ ಬರೆದು ಇಟ್ಟುಕೊಂಡಿದ್ದೆ.

ಕೊನೆಗೆ ಎರಡೂ ಅಡ್ರಿನಲ್ ಗ್ರಂಥಿಗಳನ್ನು ಲ್ಯಾಪರೊಸ್ಕೋಪಿಯಿಂದ ತೆಗೆಸಿಕೊಂಡೆ. ಒಂದೇ ಅಡ್ರಿನಲ್‌ನಲ್ಲಿ ಗಡ್ಡೆಯಿರುವವರ ಸ್ಥಿತಿ ಬೇರೆ: ಅವರಿಗೆ ಆ ಬದಿಯನ್ನು ತೆಗೆದರೆ ಸಾಕು, ಇನ್ನೊಂದು ಕ್ರಮೇಣ ಚೇತರಿಸುತ್ತದೆ. ನನಗೆ ಕಾರ್ಟಿಸಾಲ್ ಹೆಚ್ಚಳ ಅಂದೇ ಮುಗಿಯಿತು, ಅದರ ಕೊರತೆ ಜೀವನಪರ್ಯಂತ ಉಳಿಯಿತು. ನಿತ್ಯ 20 ಮಿಲಿಗ್ರಾಂ ಹೈಡ್ರೊಕಾರ್ಟಿಸೋನನ್ನು ಹಂಚಿಕೊಂಡು, ಜೊತೆಗೆ ದೇಹದ ಉಪ್ಪಿನಂಶವನ್ನು ಕಾಯುವ ಫ್ಲೂಡ್ರೊಕಾರ್ಟಿಸೋನ್ ತೆಗೆದುಕೊಳ್ಳುತ್ತೇನೆ. ಜ್ವರ ಬಂದರೆ ಹೈಡ್ರೊಕಾರ್ಟಿಸೋನ್ ದುಪ್ಪಟ್ಟು, ವಾಂತಿಯಾದರೆ 100 ಮಿಲಿಗ್ರಾಂ ಚುಚ್ಚುಮದ್ದು. ಆದರೂ ಈಗಿನ ನನ್ನ ಆಯ್ಕೆ ಇದೇ, ಏಕೆಂದರೆ ಕೊರತೆಯನ್ನು ಲೆಕ್ಕ ಹಾಕಿ ತುಂಬಬಹುದು. ಗರ್ಭ ಧರಿಸುವ ಆಸೆಯಿಲ್ಲದ, ಸಕ್ಕರೆಯೇ ಮುಖ್ಯ ಕಷ್ಟವಾಗಿರುವ ರೋಗಿಗೆ ಮಿಫೆಪ್ರಿಸ್ಟೋನ್ ಹೆಚ್ಚು ಹೊಂದಬಹುದು. ಪಿಟ್ಯುಟರಿಯಲ್ಲಿ ಉಳಿದ ಗಡ್ಡೆ ಈಗ ಕಾರ್ಟಿಸಾಲಿನ ಕಡಿವಾಣವಿಲ್ಲದೆ ಬೆಳೆಯಬಹುದಾದ್ದರಿಂದ, ಎಸಿಟಿಎಚ್ ಮಟ್ಟವನ್ನೂ ಎಂಆರ್‌ಐ ಸ್ಕ್ಯಾನನ್ನೂ ನಿಯತವಾಗಿ ನೋಡಬೇಕು. ಚರ್ಮ, ಅದರಲ್ಲೂ ಹಳೆಯ ಗಾಯದ ಕಲೆಗಳು ಕಪ್ಪಾಗತೊಡಗಿದರೆ ಮುಂದಿನ ತಪಾಸಣೆಯವರೆಗೆ ಕಾಯಬಾರದೆಂದು ವೈದ್ಯರು ತಿಳಿಸಿದ್ದಾರೆ.