ಎರಡು ಚಳಿಗಾಲ ಬಳಸಿದ ಮೇಲೆ: ಹಸುಗೂಸಿನ ತೋಳಿಲ್ಲದ ಸ್ಲೀಪಿಂಗ್ ಬ್ಯಾಗ್, 2.5 ಟಾಗ್

ಹೊದಿಕೆ ಹೊದಿಸುವ ಬದಲು ಮಗುವಿಗೆ ತೊಡಿಸುವ ಈ ಚೀಲವನ್ನು ಎರಡು ಚಳಿಗಾಲ, ಸಣ್ಣದು ದೊಡ್ಡದು ಎರಡೂ ಅಳತೆಯಲ್ಲಿ ಬಳಸಿದ್ದಾಗಿದೆ. ಒಳಗೂ ಹೊರಗೂ ಹತ್ತಿ ಬಟ್ಟೆ, ನಡುವೆ ಪಾಲಿಯೆಸ್ಟರ್ ಪದರ. ಒದ್ದಾಡಿದರೂ ಜಾರುವುದಿಲ್ಲ, ಮುಖದ ಮೇಲೆ ಬರುವುದಿಲ್ಲ. ಕೊಳ್ಳಲು ಅದೊಂದೇ ಕಾರಣ ಸಾಕು.

ಟಾಗ್ ಅಂದರೆ ಬಟ್ಟೆ ಎಷ್ಟು ಶಾಖ ಹಿಡಿದಿಡುತ್ತದೆ ಎಂಬ ಅಳತೆ. 2.5 ಟಾಗ್ ಸಾಮಾನ್ಯವಾಗಿ 16ರಿಂದ 20 ಡಿಗ್ರಿ ಇರುವ ಕೋಣೆಗೆ. ಇಲ್ಲೇ ಹೆಚ್ಚಿನವರು ಎಡವುವುದು: ಚೀಲ ತೆಳ್ಳಗೆ ಕಾಣುತ್ತದೆಂದು ಒಳಗೆ ಥರ್ಮಲ್, ಅದರ ಮೇಲೆ ಸ್ವೆಟರ್, ತಲೆಗೊಂದು ಕುಲಾವಿ. ಚೀಲ ತೋಳಿಲ್ಲದೆ ಇರುವುದು ಹೆಚ್ಚಾದ ಶಾಖ ಕೈಗಳಿಂದ ಹೊರಹೋಗಲಿ ಎಂದೇ. ಮಗುವಿನ ಶಾಖ ತಲೆಯಿಂದಲೂ ಬಹಳ ಹೋಗುತ್ತದೆ, ಹಾಗಾಗಿ ಮನೆಯೊಳಗೆ ಮಲಗಿಸುವಾಗ ಕುಲಾವಿ ಬೇಡವೇ ಬೇಡ.

ಮಲಗಿಸುವಾಗ ಕೋಣೆ 19 ಡಿಗ್ರಿ, ಬೆಳಗಿನ ಜಾವಕ್ಕೆ 16 ಅಂತಿಟ್ಟುಕೊಳ್ಳಿ. ಉದ್ದ ತೋಳಿನ, ಪಾದ ಮುಚ್ಚುವ ಒಂದು ಹತ್ತಿ ಸೂಟು, ಮೇಲೆ ಈ ಚೀಲ. ಇಷ್ಟೇ ಸಾಕಾಯಿತು. ಅದೇ ಉಡುಪಿನಲ್ಲಿ ಹೀಟರ್ ಹಾಕಿ ಕೋಣೆ 23ಕ್ಕೆ ಏರಿದಾಗ ಒಂದು ಗಂಟೆಯೊಳಗೆ ಹೆಕ್ಕತ್ತು ಒದ್ದೆ, ಕೂದಲಿನ ಬುಡ ಅಂಟಂಟು, ಕೆನ್ನೆ ಕೆಂಪು. ಅಂಥ ಕೋಣೆಗೆ 1 ಟಾಗ್ ಚೀಲ ಬೇಕು. ಥರ್ಮಲ್ ತೊಡಿಸಲೇಬೇಕಾದಷ್ಟು ಚಳಿ, ಅಂದರೆ 16ಕ್ಕಿಂತ ಕೆಳಗಿದ್ದರೆ, ಹತ್ತಿಯದನ್ನೇ ಸೂಟಿನ ಒಳಗೆ ಒಂದು ಪದರವಾಗಿ ಹಾಕಿ. ಸಿಂಥೆಟಿಕ್ ಥರ್ಮಲ್ ಬೆವರು ಹೀರುವುದಿಲ್ಲ. ಒದ್ದೆಯಾದ ಮೈ ಜಾವದ ಹೊತ್ತಿಗೆ ತಣ್ಣಗಾಗುತ್ತದೆ.

ಕೈಕಾಲು ಮುಟ್ಟಿ ಅಳೆಯಬೇಡಿ. ಹಸುಗೂಸಿನ ಕೈಕಾಲು ತಣ್ಣಗಿರುವುದು ಸಹಜ. ಎರಡು ಬೆರಳು ಎದೆಯ ಮೇಲೆ ಅಥವಾ ಹೆಕ್ಕತ್ತಿನಲ್ಲಿ ಇಡಿ: ಬೆಚ್ಚಗೆ, ಒಣಗಿ ಇದ್ದರೆ ಸರಿ. ಬಿಸಿ ಅನಿಸಿದರೆ, ಒದ್ದೆಯಿದ್ದರೆ ಒಂದು ಪದರ ತೆಗೆಯಿರಿ. ಜ್ವರವಿದ್ದಾಗಲೂ ಅಷ್ಟೇ, ಬೆಚ್ಚಗೆ ಸುತ್ತಿಡುವುದು ತಪ್ಪು.

ಇನ್ನು ಅಳತೆ. ‘ಮುಂದಕ್ಕೂ ಆಗಲಿ’ ಎಂದು ದೊಡ್ಡದು ತರುವುದು ಅಪಾಯ. ಗುಂಡಿ, ಜಿಪ್ ಎಲ್ಲ ಹಾಕಿದ ಮೇಲೆ ಕೊರಳಿನ ತೆರಪಿನಲ್ಲಿ ಮಗುವಿನ ತಲೆ ಒಳಗೆ ಜಾರುವಂತಿದ್ದರೆ ಆ ಚೀಲ ಬಳಸಲೇಬಾರದು. ವಯಸ್ಸಿಗಿಂತ ಚೀಟಿಯ ಮೇಲಿನ ತೂಕ ನೋಡಿ. ಹುಟ್ಟಿದಾಗ ತೂಕ ಕಡಿಮೆಯಿದ್ದ ಮಗುವಿಗೆ ಸಣ್ಣ ಅಳತೆಯೂ ದೊಡ್ಡದಾಗಬಹುದು. ತೂಕ ತುಂಬಿದ, ಭಾರದ ಚೀಲಗಳ ಹತ್ತಿರವೂ ಹೋಗಬೇಡಿ.

ದೂರು ಒಂದಿದೆ. ಮೊದಲ ಚಳಿಗಾಲ ಮುಗಿಯುವಷ್ಟರಲ್ಲಿ ಪಾಲಿಯೆಸ್ಟರ್ ಪದರ ಕೆಳಗಿನ ಮೂಲೆಗಳಲ್ಲಿ ಗಂಟುಕಟ್ಟಿತು. ದೀಪಕ್ಕೆ ಹಿಡಿದರೆ ಎದೆಯ ಭಾಗದಲ್ಲಿ ಬೆಳಕು ಹಾಯುತ್ತದೆ, ಬುಡದಲ್ಲಿ ಕಪ್ಪು. ಎದೆಯ ಕಡೆ ತೆಳ್ಳಗಾದ ಮೇಲೆ ಚೀಟಿಯ 2.5 ನಂಬುವ ಹಾಗಿಲ್ಲ. ಅಡ್ಡ ಹೊಲಿಗೆ ಹತ್ತಿರ ಹತ್ತಿರ ಇರುವ ಚೀಲದಲ್ಲಿ ಈ ತೊಂದರೆ ಕಡಿಮೆ. ಹಳೆಯ ಚೀಲ ಯಾರಿಂದಲಾದರೂ ಪಡೆಯುವವರು ಮೊದಲು ಹೀಗೆ ದೀಪಕ್ಕೆ ಹಿಡಿದು ನೋಡಿ.